ಲೇಟೆಸ್ಟ್ ಅಂದ ಡಬ್ಬಿ

ಹನೂರು ಬಸ್ ಸ್ಟ್ಯಾಂಡಿನ ಹತ್ತಿರ ಲಕ್ಷ್ಮಿದೇವಿ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾಳೆ. ಪಕ್ಕದ್ದು ನನ್ನ ಟೈಲರ್ ಅಂಗಡಿ. ಜನ ಗಂಡ ಹೆಂಡಿರಿಗೂ ಹೇಳದ ಪಾಸ್‌ವರ್ಡನ್ನು ಅವಳೆದುರು ಗಟ್ಟಿಯಾಗಿ ಹೇಳುತ್ತಾರೆ. ಆ ನಂಬಿಕೆಯೇ ಅವಳ ಬಂಡವಾಳ.

ಆ ನಂಬಿಕೆ ಹೋಗುವ ಹಾಗಾಗಿತ್ತು. ಅರ್ಜಿ ತುಂಬಿಸಲು ಬಂದಿದ್ದ ಶಿವನಂಜಯ್ಯನ ಬ್ಯಾಂಕ್ ಪುಟ ತೆರೆದರೆ ಯಾವುದೋ ನಕಲಿ ಪುಟ ಬಂತು. ಅಕ್ಷರ ವಕ್ರವಾಗಿತ್ತು, ಬ್ರೌಸರ್ ಕೆಂಪು ಎಚ್ಚರಿಕೆ ಕೊಟ್ಟಿತು. ಫೋನಿನ ಡೇಟಾದಲ್ಲಿ ಸರಿಯಾಗಿ ತೆರೆಯಿತು. ಅಂದರೆ ಕೊಳೆತಿದ್ದು ಅಂಗಡಿಯ ವೈಫೈ ಡಬ್ಬಿ.

ಕನೆಕ್ಷನ್ ಕೊಡುವ ಮಹದೇವು ಬಂದ. ಹೋದ ತಿಂಗಳೂ ಇದೇ ಕಾಯಿಲೆ ಬಂದಾಗ ರೀಸೆಟ್ ಮಾಡಿ, ಹೊಸ ಪಾಸ್‌ವರ್ಡ್ ಹಾಕಿ ಹೋಗಿದ್ದ.

"ದೀಪ ಅಸ್ರಾಗದೆ ಅಲ್ವಾ ಅಕ್ಕ? ಇನ್ನೇನಾಗದೆ?" ಎಂದ, ಡಬ್ಬಿಯ ಹಸಿರು ದೀಪ ತೋರಿಸಿ.

"ಅಪ್‌ಡೇಟ್ ಒತ್ತುದ್ರೆ ಲೇಟೆಸ್ಟ್ ಅಂತದೆ ಕಣ್ಲಾ. ನಾನೂ ಹಂಗೇ ನಂಬ್ಕಂಡಿದ್ದೆ," ಎಂದಳು ಲಕ್ಷ್ಮಿದೇವಿ. "ಆ ಅಪ್‌ಡೇಟ್ ತಾರೀಕು ನೋಡು. ಎರಡು ಸಾವಿರದ ಹದಿನೇಳು."

ಲೇಟೆಸ್ಟ್ ಎಂದರೆ ತಾಜಾ ಎಂದು ತಿಳಿದದ್ದು ಅವಳ ತಪ್ಪು. ಕಂಪನಿ ಮಾಡಿದ ಕೊನೆಯ ಅಪ್‌ಡೇಟ್ ಅದು, ಅಷ್ಟೆ. ಸತ್ತವರ ಕೊನೆಯ ಫೋಟೋ ಕೂಡ ಲೇಟೆಸ್ಟೇ ಅಲ್ಲವೇ?

ಡಬ್ಬಿಯ ತಳದ ಚೀಟಿಯಲ್ಲಿ ಮಾಡೆಲ್ ನೋಡೋಣವೆಂದರೆ, ಪ್ರತಿ ಆಯುಧಪೂಜೆಗೂ ಬಳಿದ ವಿಭೂತಿ ಗಟ್ಟಿ ಕಟ್ಟಿತ್ತು. ಥೂ, ಉಗುರಿನಲ್ಲಿ ಕೆರೆದಳು. ಮಾಡೆಲ್ ನಂಬರ್ ಜೊತೆಗೆ ವರ್ಷನ್ ನಂಬರನ್ನೂ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದಳು. ಬೆಂಬಲ ನಿಲ್ಲಿಸಿದ ಮಾಡೆಲ್‌ಗಳ ಸಾಲಿನಲ್ಲಿ ಅದಿತ್ತು. ಇನ್ನು ಅದರ ಸಾಫ್ಟ್‌ವೇರಿನಲ್ಲಿ ತೂತು ಕಂಡುಬಂದರೂ ಮುಚ್ಚುವವರಿಲ್ಲ. ಮಹದೇವು ಎಷ್ಟು ಸಲ ರೀಸೆಟ್ ಮಾಡಿದರೂ ಕಳ್ಳ ಅದೇ ತೂತಿನಲ್ಲಿ ನುಗ್ಗುತ್ತಾನೆ. ಅವಳ ಫೋನು ಎಂದಿನಿಂದಲೋ "ದುರ್ಬಲ ಭದ್ರತೆ" ಎಂದು ಬಡಿದುಕೊಳ್ಳುತ್ತಿತ್ತು. ನಾವಿಬ್ಬರೂ ಕಣ್ಣೆತ್ತಿ ನೋಡಿರಲಿಲ್ಲ.

"ಬೇರೆದು ತಂದಾಕು. ಅಲ್ಲಿಗಂಟ ಅಂಗ್ಡಿ ಮುಚ್ತೀನಿ," ಎಂದಳು. ಮರುದಿನ ಅರ್ಜಿ ಹಿಡಿದು ಬಂದವರನ್ನೆಲ್ಲ ಬೈಸಿಕೊಂಡು ವಾಪಸ್ ಕಳಿಸಿದಳು. ಬ್ಯಾಂಕಿನ ಪಾಸ್‌ವರ್ಡ್ ಬದಲಿಸಲು ಶಿವನಂಜಯ್ಯನ ಮನೆಗೇ ಹೋದಳು.

ಸಂಜೆ ಮಹದೇವು ಹೊಸದನ್ನು ಕೂರಿಸಿದ. ಹಳೆಯ ಡಬ್ಬಿಯನ್ನು ಒರೆಸಿ ತನ್ನ ಚೀಲಕ್ಕೆ ಹಾಕಿಕೊಂಡ.

"ಅದ್ನ ಎಲ್ಲಿಗೆ ತಕ್ಕೊಂಡೋಯ್ತೀಯ?" ಎಂದಳು ಲಕ್ಷ್ಮಿದೇವಿ.

"ಮಧುವನಹಳ್ಳಿಲಿ ಒಬ್ರು ಕೇಳವ್ರೆ ಅಕ್ಕ. ಪಾಪ, ಅವ್ರಿಗೆ ಅಷ್ಟು ಗೊತ್ತಾಗಲ್ಲ."

ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಲಕ್ಷ್ಮಿದೇವಿ ಚೀಲಕ್ಕೆ ಕೈಹಾಕಿ ಡಬ್ಬಿ ಕಿತ್ತು ನೆಲಕ್ಕೆ ಹಾಕಿ, ನನ್ನ ಅಂಗಡಿಯ ಇಸ್ತ್ರಿ ಪೆಟ್ಟಿಗೆ ತಂದು ಅದರ ಮೇಲೆ ಕುಕ್ಕಿದಳು. ಚೂರುಗಳು ಅವನ ಕಾಲ ಬಳಿ ಹಾರಿದವು.

"ಈಗ ಕೊಡೋಗು," ಎಂದಳು.