ಏಪ್ರಿಲ್ ಒಂದರಂದು ಮಾರಿದ ಸೈಟು

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಆದಾಯ ತೆರಿಗೆ ಸಲಹೆಗಾರರೊಬ್ಬರ ಆಫೀಸಿತ್ತು. ಪತ್ರಿಕೆಗೆ ಸೇರುವ ಮೊದಲು ನಾನು ಅಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿದ್ದೆ. 1998ರಲ್ಲಿ ಗೋಣಿಬೀಡಿನಿಂದ, ಬಿ.ಕಾಂ. ಮುಗಿಸಿದ ಒಬ್ಬಳು ಬಂದು ಸೇರಿದಳು. ವಾರಕ್ಕೊಮ್ಮೆ ಚಿಕ್ಕಮಗಳೂರಿಗೆ ಹೋಗಿ ತೆರಿಗೆ ಕಚೇರಿಯ ಕೆಲಸ ನೋಡಿಕೊಳ್ಳಲು ನಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸುವುದಾಗಿ ಯಜಮಾನರು ಹೇಳಿದ್ದರು. ಅದು ನನ್ನದೇ ಎಂದುಕೊಂಡಿದ್ದೆ.

ಬೆಳಿಗ್ಗೆ ಯಜಮಾನರು ಯಾವುದಾದರೊಂದು ತಾರೀಖು ಹೇಳುತ್ತಿದ್ದರು. ಆ ದಿನದ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ, ಅಂದರೆ ಅದರ ತೆರಿಗೆ ನಿರ್ಧಾರವಾಗುವ ವರ್ಷ, ಯಾವುದೆಂದು ನಾವು ಹೇಳಬೇಕು. ತಾರೀಖು ಯಾವ ಏಪ್ರಿಲ್-ಮಾರ್ಚ್ ವರ್ಷಕ್ಕೆ ಬೀಳುತ್ತದೆಂದು ಗುರುತಿಸಿ, ಅದರ ಮುಂದಿನ ವರ್ಷವನ್ನು ನಾನು ಹೇಳುವಷ್ಟರಲ್ಲಿ ಅವಳ ಉತ್ತರ ಮುಗಿದಿರುತ್ತಿತ್ತು.

“ಅದೆಂಥ ದೊಡ್ಡ ವಿಷ್ಯ ಅಣ್ಣ? ತಾರೀಖು ಕಳೆದ ಮೇಲೆ ಬರೋ ಮೊದಲ್ನೇ ಏಪ್ರಿಲ್ ಒಂದು ನೋಡ್ತೀನಿ. ಅಲ್ಲಿಂದ ಶುರುವಾಗೋ ವರ್ಷವೇ ಅಸೆಸ್‌ಮೆಂಟ್ ವರ್ಷ.”

ಇದು ನನಗೇಕೆ ಹೊಳೆಯಲಿಲ್ಲ ಎಂದು ಮಧ್ಯಾಹ್ನದ ಊಟ ರುಚಿಸಲಿಲ್ಲ. ತಪ್ಪು ಸಿಗಲೆಂದೇ ಅವಳು ಬರೆದ ಚಲನ್‌ಗಳನ್ನೆಲ್ಲ ತಿರುವಿ ಹಾಕಿದೆ. ಒಂದೂ ಸಿಗಲಿಲ್ಲ.

ಸೆಪ್ಟೆಂಬರಿನಲ್ಲಿ, ಮುಂಗಡ ತೆರಿಗೆಯ ಮೊದಲ ಕಂತಿಗೆ ಒಂದೇ ದಿನ ಉಳಿದಿದ್ದಾಗ, ತೋಟದ ಮಾಲೀಕರೊಬ್ಬರು ಬಂದರು. ಅವರು ಪೇಟೆಯ ಸೈಟೊಂದನ್ನು ಮಾರಿದ್ದರು. ರಿಜಿಸ್ಟರ್ ಆಗಿ ಸೈಟು ಕೈಬದಲಾದದ್ದು ಆ ವರ್ಷದ ಏಪ್ರಿಲ್ ಒಂದರಂದು. ಬ್ಯಾಂಕಿಗೆ ಕೊಡುವ ಚಲನ್‌ನಲ್ಲಿ ನಾನು ಅಸೆಸ್‌ಮೆಂಟ್ ವರ್ಷ 1998-99 ಎಂದು ತುಂಬಿಸಿದೆ. ಆಗಸ್ಟ್ ಪೂರ್ತಿ, ಮಾರ್ಚ್‌ಗೆ ಮುಗಿದ ವರ್ಷದ ರಿಟರ್ನ್‌ಗಳಲ್ಲಿ ಅದನ್ನೇ ಬರೆದು ಕೈಗೆ ರೂಢಿಯಾಗಿತ್ತು.

ಅವಳು ಬಗ್ಗಿ ನೋಡಿದಳು. “ಅಣ್ಣ, ಇದು ತೊಂಬತ್ತೊಂಬತ್ತು-ಎರಡು ಸಾವಿರ ಆಗ್ಬೇಕಲ್ವಾ?”

ಅವಳು ಹೇಳಿದ ಕ್ಷಣವೇ ತಪ್ಪು ನನಗೆ ಗೊತ್ತಾಯಿತು. ಆದರೂ ಅಂದೆ: “ನಿನ್ನ ಲೆಕ್ಕದಲ್ಲೂ ಏಪ್ರಿಲ್ ಒಂದೇ ತಾನೆ? ಇವ್ರದ್ದು ಆವತ್ತೇ ಆಗಿದೆ.”

“ಆವತ್ತಿಂದು ಹೊಸ ವರ್ಷದ ಆದಾಯ. ಮುಂದಿನ ಏಪ್ರಿಲ್ ಒಂದಕ್ಕೇ ಹೋಗ್ಬೇಕು.”

ಮಾಲೀಕರು ನಮ್ಮಿಬ್ಬರ ಮುಖ ನೋಡಿದರು. “ಹಿಂದಿನ ದಿನ ಬರೆಸಿದ್ರೆ ಈ ಜಗಳ ಇರ್ತಿರ್ಲಿಲ್ಲ ಅನ್ಸುತ್ತೆ.”

“ಮಾರ್ಚ್ ಮೂವತ್ತೊಂದಾಗಿದ್ರೆ ಇವ್ನು ಬರೆದದ್ದೇ ಸರಿ” ಎನ್ನುತ್ತ ಯಜಮಾನರು ಎದ್ದು ಬಂದು ಚಲನ್ ಹರಿದರು. “ದುಡ್ಡು ಬೇರೆ ವರ್ಷಕ್ಕೆ ಜಮಾ ಆದ್ರೆ ಸರಿಮಾಡ್ಸೋಕೆ ಅರ್ಜಿ ಹಿಡ್ಕೊಂಡು ತಿರುಗೋನು ಯಾರು ಮಾರಾಯ? ಗೊತ್ತಿಲ್ದೆ ಬರೆದ್ಯಾ, ಗೊತ್ತಿದ್ದೂ ವಾದ ಮಾಡಿದ್ಯಾ?”

ಹೊಸ ಚಲನ್ ಅವಳು ಬರೆದಳು.

ಮುಂದಿನ ಸೋಮವಾರ ಚಿಕ್ಕಮಗಳೂರಿನ ಫೈಲುಗಳನ್ನು ಯಜಮಾನರು ಅವಳ ಮೇಜಿನ ಮೇಲಿಟ್ಟರು. ಕಚೇರಿಯಲ್ಲಿ ಯಾವ ಕೌಂಟರಿಗೆ ಹೋಗಬೇಕೆಂದು ಅವಳು ನನ್ನನ್ನೇ ಕೇಳಿದಳು. ಕೌಂಟರ್ ಹೇಳಿದೆ. ಊಟದ ಹೊತ್ತಿಗೆ ಅದನ್ನು ಮುಚ್ಚುತ್ತಾರೆಂದು ಹೇಳಲಿಲ್ಲ. ಅವಳು ಅಲ್ಲಿ ಒಂದು ಗಂಟೆ ಕಾದು, ಎಲ್ಲ ಕೆಲಸ ಮುಗಿಸಿಯೇ ಬಂದಳು.