ಕುರಿ ಎಣಿಕೆಯ ಪಾಠ ಮತ್ತು ನಾನು ಕಳಿಸಿದ ಮೆಸೇಜು

ಆ ಫೋಟೊ ಬಂದಾಗ ನಾನು ಉಮರ್ಗಾದ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮಗಳಿಗೆ ಜ್ವರವೆಂದು ರಜೆ ಹಾಕಿದ್ದೆ. ನಮ್ಮ ಸಂಸ್ಥೆಯ ಕನ್ನಡ ಶಾಲೆಗಳು ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆ ಇವೆ. ಅವತ್ತು ಎಲ್ಲ ಶಿಕ್ಷಕರ ಸಭೆ ನಿಲಂಗಾದಲ್ಲಿತ್ತು. ಹಿಟ್ಟಿನ ಕೈ ಒರೆಸಿಕೊಂಡು ಮೊಬೈಲ್ ತೆಗೆದರೆ, ಶಾಲೆಯ ಗ್ರೂಪಿನಲ್ಲಿ ನನ್ನ ಸಹೋದ್ಯೋಗಿಯ ಚಿತ್ರ. ನನಗಿಂತ ಹತ್ತು ವರ್ಷ ಚಿಕ್ಕವಳು. ದಿನಾ ಪಕ್ಕದಲ್ಲಿ ಕೂತು ನನ್ನ ಡಬ್ಬಿಯ ಪುಂಡಿಪಲ್ಯ ತಿನ್ನುವವಳು. ಅವಳ ಕೈಯಲ್ಲಿ ನನ್ನ ಹಗ್ಗ, ಮೇಜಿನ ಮೇಲೆ ನನ್ನ ಹಳ್ಳುಕಲ್ಲುಗಳು, ಹಿಂದಿನ ಪರದೆಯ ಮೇಲೆ ನನ್ನ ವರ್ಗದ ಮಕ್ಕಳು. ಕೆಳಗೆ ಮುಖ್ಯಾಧ್ಯಾಪಕರು ಮರಾಠಿಯಲ್ಲಿ ಬರೆದಿದ್ದರು: ಇವರ ಸ್ವಂತ ಕಲ್ಪನೆಯ ಪಾಠ ಎಲ್ಲರ ಮನ ಗೆದ್ದಿತು, ಮುಂದಿನ ವಾರ ಉದಗೀರದ ದೊಡ್ಡ ಸಭೆಯಲ್ಲೂ ಇವರೇ ತೋರಿಸುತ್ತಾರೆ.

ಹಂಚಿನ ಮೇಲೆ ರೊಟ್ಟಿ ಕರಕಾಯಿತು.

ಆ ಪಾಠಕ್ಕೆ ನಾನು ಎರಡು ವರ್ಷ ಹೆಣಗಿದ್ದೆ. ನಮ್ಮ ಶಾಲೆಗೆ ಕುರಿ ಸಾಕುವ ಮನೆಗಳ ಮಕ್ಕಳು ಬಹಳ. ಹಲಗೆಯ ಮೇಲೆ ಹತ್ತು, ಬಿಡಿ ಎಂದರೆ ಕಣ್ಣು ಕಣ್ಣು ಬಿಡುವ ಹುಡುಗರು ಹಟ್ಟಿಯಲ್ಲಿ ಒಂದು ಕುರಿ ಕಡಿಮೆಯಾದರೆ ಥಟ್ಟನೆ ಹೇಳುತ್ತಾರೆ. ಒಬ್ಬ ಹುಡುಗಿಯ ಮನೆಗೆ ಹೋದಾಗ ಅದರ ಗುಟ್ಟು ಕಂಡೆ. ಅವಳ ಅಜ್ಜಿ ಬಾಗಿಲಿಗೆ ಅಡ್ಡ ಹಗ್ಗ ಹಿಡಿದು ಕುರಿಗಳನ್ನು ಜೋಡಿ ಜೋಡಿಯಾಗಿ ಬಿಡುತ್ತಿದ್ದಳು. ಐದು ಜೋಡಿ ದಾಟಿದರೆ ಒಂದು ಹಳ್ಳು ಬುಟ್ಟಿಗೆ. ಕುರಿಯವರ ದೇವರು ಬೀರಪ್ಪನಿಗೆ ಬಿಟ್ಟ ಕುರಿ ಎಲ್ಲಕ್ಕಿಂತ ಮೊದಲು ಹೊರಗೆ ಹೋಗುತ್ತಿತ್ತು, ಅದು ಲೆಕ್ಕಕ್ಕಿಲ್ಲ. ನಾನು ಇದನ್ನೇ ವರ್ಗಕ್ಕೆ ತಂದೆ. ಮಕ್ಕಳೇ ಕುರಿ, ಹಳ್ಳು ಎಂದರೆ ಹತ್ತು, ಐದು ಜೋಡಿ ತುಂಬದೆ ಉಳಿದವರು ಬಿಡಿ, ಹಳದಿ ಕರವಸ್ತ್ರ ಕಟ್ಟಿದವರು ದೇವರ ಕುರಿ. ಎಷ್ಟೋ ಸಲ ಕೆಟ್ಟು, ಎಷ್ಟೋ ಸಲ ತಿದ್ದಿ, ಪಾಠ ಒಂದು ಹದಕ್ಕೆ ಬಂದಿತ್ತು. ಉದಗೀರದಲ್ಲಿ ತೋರಿಸಿದ ಪಾಠ ಸಂಸ್ಥೆಯ ಕೈಪಿಡಿಯಲ್ಲಿ ಅಚ್ಚಾಗುತ್ತದೆ, ತೋರಿಸಿದವರ ಹೆಸರಲ್ಲಿ. ಒಮ್ಮೆ ಅಚ್ಚಾದರೆ ನನ್ನದು ಎಂದು ನಾನು ಯಾರ ಮುಂದೆ ಬಾಯಿ ಬಡಿದುಕೊಳ್ಳಲಿ?

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗ್ರೂಪಿನಲ್ಲಿ ಎಲ್ಲರೆದುರೇ ಹಾಕಲೆಂದು ಮೂರು ಸಾಲು ಬರೆದೆ, ಕಳ್ಳಿ ಎಂಬ ಶಬ್ದವೂ ಇತ್ತು. ಒತ್ತಬೇಕು ಅನ್ನುವಷ್ಟರಲ್ಲಿ ಮಗಳು ನೀರು ಕೇಳಿದಳು. ನೀರು ಕೊಟ್ಟು ಬಂದು ಓದಿದೆ, ಅಳಿಸಿದೆ. ಮುಂದೆ ಬರೆದದ್ದನ್ನೆಲ್ಲ ಮೊಬೈಲಿನ ಬೇರೆ ಜಾಗದಲ್ಲಿ ಬರೆದೆ, ಕೈ ತಪ್ಪಿ ಹೋಗದಿರಲೆಂದು. ಇಡೀ ದಿನ ಕೂತಲ್ಲಿ ಕೂರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮರುದಿನವೂ ರಜೆ ಹಾಕಿದೆ. ಬೆಳಿಗ್ಗೆ, ಸಭೆಗೆ ಹೋಗಿದ್ದ ನಿಲಂಗಾದ ಶಿಕ್ಷಕಿಗೆ ಫೋನ್ ಮಾಡಿ, ಅವಳು ನಿಜಕ್ಕೂ ಏನೆಂದಳು ಎಂದಷ್ಟೇ ಕೇಳಿದೆ.

“‘ನಾ ಮಾಡೀನಿ’ ಅಂದಳ್ರೀ. ನಿಮ್ಮ ಹೆಸರು ತಗೀಲಿಲ್ಲ. ದೇವರ ಕುರಿ ಅಂತ ನೀವು ಹೇಳ್ತಿದ್ರಲ್ಲ, ಅದೂ ಬರಲಿಲ್ಲ.”

ದೇವರ ಕುರಿ ಮರೆತಿದ್ದಾಳೆ ಎಂದು ಕೇಳಿ ಒಳಗೊಳಗೆ ಖುಷಿಯಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಉದಗೀರದಲ್ಲಿ ಪಾಠಕ್ಕೆ ಕೂರಿಸುವ ಕುರಿ ಮನೆಗಳ ಮಕ್ಕಳೇ ಅವಳ ತಪ್ಪು ಹಿಡಿಯುತ್ತಾರೆ, ಹಿಡಿಯಲಿ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಸಂಜೆ, ಅವಳು ಮನೆ ಸೇರಿ ಚಹಾ ಕುಡಿದಿರುವ ಹೊತ್ತು ನೋಡಿ, ಅವಳಿಗೊಬ್ಬಳಿಗೇ ಕಳಿಸಿದೆ. ಮರಾಠಿಯಲ್ಲಿ ಬರೆದರೆ ಆಫೀಸಿನ ನೋಟಿಸಿನಂತೆ ಕಾಣುತ್ತಿತ್ತು. ನಾವು ಊಟಕ್ಕೆ ಕೂತು ಆಡುವ ಮಾತಿನಲ್ಲೇ ಬರೆದೆ.

“ನಿಲಂಗಾದಾಗ ನೀ ತೋರಿಸಿದ ಪಾಠದ ಫೋಟೊ ನೋಡಿದೆ. ಹಗ್ಗ, ಹಳ್ಳು, ಮಕ್ಕಳ ಫೋಟೊ ನನ್ನ ವರ್ಗದವು. ಪಾಠ ನಾ ಮಾಡಿದ್ದು, ಹೋದ ವರ್ಷ ನೀನೇ ಬಂದು ಕುಂತು ನೋಡಿದ್ದಿ. ಸಭಾದಾಗ ‘ನಾ ಮಾಡೀನಿ’ ಅಂದಿ ಅಂತ ಕೇಳಿದೆ. ನನಗ ಭಾಳ ಬ್ಯಾಸರ ಆಗ್ಯಾದ. ನಾ ಕೇಳಿದ್ದು ತಪ್ಪಿದ್ರ ಹೇಳು. ಖರೇ ಇದ್ರ, ಸರ್‌ಗೂ ಗ್ರೂಪಿಗೂ ನೀನೇ ತಿಳಸು. ಶುಕ್ರವಾರ ತನಕ ನಾ ಯಾರ ಮುಂದೂ ಮಾತಾಡಂಗಿಲ್ಲ. ಆಮ್ಯಾಲ ಸರ್ ಜೋಡಿ ನಾನೇ ಮಾತಾಡಬೇಕಾಗ್ತದ. ದೇವರ ಕುರಿ ಬಿಟ್ಟೀದಿ, ಅದಿಲ್ಲಂದ್ರ ಪಾಠ ಅರ್ಧ.”

ಕೊನೆಯ ಸಾಲನ್ನು ಉಪಕಾರಕ್ಕೆಂದು ಸೇರಿಸಿದ್ದೆ. ಈಗ ನೋಡಿದರೆ ಇಡೀ ಮೆಸೇಜಿನಲ್ಲಿ ಮುಳ್ಳಿದ್ದದ್ದು ಅಲ್ಲಿ ಮಾತ್ರ.

ಅವಳು ಓದಿದ್ದಕ್ಕೆ ನೀಲಿ ಗೆರೆಗಳು ಬಿದ್ದವು. ಅವಳು ಏನೋ ಬರೆಯುತ್ತಿರುವಂತೆ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಇನ್ನೊಂದು ಮೆಸೇಜ್ ಹಾಕಲು ಬೆರಳು ತುಡಿಯುತ್ತಿತ್ತು. ಹೇಳುವುದನ್ನು ಹೇಳಿಯಾಗಿದೆ, ಇನ್ನು ಸುಮ್ಮನಿರು ಎಂದು ನನಗೆ ನಾನೇ ಗದರಿಸಿಕೊಂಡೆ. ಮರುದಿನ ಶಾಲೆಯಲ್ಲಿ ಅವಳು ಬೇರೆ ಮೇಜಿನಲ್ಲಿ ಊಟ ಮಾಡಿದಳು. ಮಧ್ಯಾಹ್ನದ ಮೇಲೆ ಅವಳ ದನಿ ಬಂತು, ರೆಕಾರ್ಡ್ ಮಾಡಿ ಕಳಿಸಿದ್ದು.

“ಅಕ್ಕಾ, ಪಾಠ ನಿಮ್ದೇ. ಸರ್ ಎಲ್ಲಾರ ಮುಂದ ‘ಹೀ ತುಮಚೀ ಕಲ್ಪನಾ ಕಾ’ ಅಂದ್ರು. ಹೌದು, ನಾ ಮಾಡೀನಿ ಅಂದ್ಬಿಟ್ಟೆ. ತಪ್ಪಾಗ್ಯಾದ. ಆದ್ರ ಒಂದು ಮಾತು ಕೇಳ್ರಿ. ಆ ಎಣಿಕಿ ನಮ್ಮ ಮನೀದು. ನಮ್ಮಜ್ಜ ಹಂಗೇ ಎಣಸ್ತಿದ್ದ. ನೀವು ಎರಡು ವರ್ಷ ಅದನ್ನ ಕಲಿಸಿದ್ರಿ, ಬಾಜೂಕ ಕುಂತ ನನಗ ಒಮ್ಮೆನೂ ಕೇಳಲಿಲ್ಲ. ದೇವರ ಕುರಿ ನಾ ಮರ್ತಿಲ್ಲರೀ. ಬೀರಪ್ಪಗ ಬಿಟ್ಟಿದ್ದನ್ನ ಮಂದಿ ಮುಂದ ಆಟಾ ಮಾಡಿ ತೋರಸ್ಲಿಕ್ಕ ಮನಸಾಗಲಿಲ್ಲ.”

ಅದನ್ನು ಶಾಲೆಯ ಹಿಂದೆ ನಿಂತು ಎರಡು ಸಲ ಕೇಳಿದೆ. ಮೊದಲು ಬಂದದ್ದು ಸಿಟ್ಟೇ. ತಪ್ಪು ಮಾಡಿದವಳು ನನಗೇ ಪಾಠ ಹೇಳುತ್ತಾಳಲ್ಲ ಎಂದು. ಆದರೆ ಅವಳು ಕುರಿ ಮನೆಯವಳೆಂದು ನನಗೆ ಗೊತ್ತಿತ್ತು. ಕೇಳಬೇಕೆಂದು ಹೊಳೆದೇ ಇರಲಿಲ್ಲ. ನಮ್ಮದು ಗುಂಜೋಟಿ ಹಳ್ಳಿಯ ಹೊಲವುಳ್ಳ ಮನೆತನ, ಕುರಿಯವರು ಗೊಬ್ಬರವಾಗಲೆಂದು ರಾತ್ರಿ ನಮ್ಮ ಹೊಲದಲ್ಲಿ ಹಿಂಡು ತರುಬುತ್ತಿದ್ದರು. ಅವರಿಂದ ಏನು ತೆಗೆದುಕೊಂಡರೂ ಕೇಳುವ ರೂಢಿ ನಮಗಿರಲಿಲ್ಲ.

ಆದರೂ ನನ್ನ ತಪ್ಪನ್ನೂ ಅವಳ ತಪ್ಪನ್ನೂ ಒಂದರಲ್ಲಿ ಕಲೆಸಿ ಅವಳು ಕೈ ತೊಳೆದುಕೊಳ್ಳಲು ನಾನು ಬಿಡಲಿಲ್ಲ. ಹೀಗೆ ಬರೆದೆ: “ನೀ ಹೇಳಿದ್ದು ಖರೇ, ನಾ ಕೇಳಬೇಕಿತ್ತು. ಎಣಿಕಿ ನಿಮ್ಮ ಮನೀದು ಅಂತ ನಾ ಬರೀತೀನಿ. ಪಾಠ ನಾ ಮಾಡಿದ್ದು ಅಂತ ನೀ ಬರಿ. ದೇವರ ಕುರಿ ಇನ್ನ ಮ್ಯಾಲ ಪಾಠದಾಗ ಬ್ಯಾಡ. ಉದಗೀರಕ್ಕ ಇಬ್ಬರೂ ಹೋಗೋಣು.”

ಶುಕ್ರವಾರ ಬೆಳಿಗ್ಗೆ ಅವಳು ಗ್ರೂಪಿಗೆ ಬರೆದಳು. ನೆರವು, ಪ್ರೇರಣೆ ಎಂದೆಲ್ಲ ಸುತ್ತಿ ಬಳಸಲಿಲ್ಲ. ಪಾಠ ಅಕ್ಕನವರದು, ನಾನು ನಿಲಂಗಾದಲ್ಲಿ ತಪ್ಪು ಹೇಳಿದ್ದೆ ಎಂದಳು. ಅದರ ಕೆಳಗೆ, ಎಣಿಕೆ ಅವರ ಮನೆಯದೆಂದು ನಾನು ಬರೆದು ಹಾಕಿದೆ. ಮುಖ್ಯಾಧ್ಯಾಪಕರು ಒಂದು ಹೆಬ್ಬೆರಳಿನ ಚಿತ್ರ ಒತ್ತಿದರು. ಉದಗೀರದಲ್ಲಿ ಅವಳು ಹಗ್ಗ ಹಿಡಿದಳು, ನಾನು ವಿವರಿಸಿದೆ. ಕೈಪಿಡಿಗೆ ಎರಡೂ ಹೆಸರು ಬರೆದುಕೊಂಡರು.

ನನಗೆ ಬೇಕಾದದ್ದು ಸಿಕ್ಕಿತ್ತು. ವಾಪಸು ಎಸ್‌ಟಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ನಿಲಂಗಾ ದಾಟಿದ ಮೇಲೆ ಅವಳೇ ಅಂದಳು.

“ಅಕ್ಕಾ, ನೀವು ಬೈದಿದ್ರ ಚಲೋ ಇತ್ತು. ಅತ್ತು, ಜಗಳಾಡಿ, ಮುಗಸ್ತಿದ್ದೆ.”

“ಬೈಬಾರದು ಅಂತೇ ಹಂಗ ಬರದೆ.”

“ಗೊತ್ತದರೀ. ಒಂದು ಕೆಟ್ಟ ಶಬ್ದ ಸಿಗ್ತದೇನು ಅಂತ ಎಷ್ಟು ಸಲ ಓದೀನಿ. ಸಿಕ್ಕಿದ್ರ ನಿಮ್ಮ ಮ್ಯಾಲ ಸಿಟ್ಟಾಗ್ತಿದ್ದೆ.”

“ಅಳಸಿಬಿಡು ಅದನ್ನ.”

“ಅಳಸಿದೆ. ಬಾಯಿಪಾಠ ಆಗ್ಯಾದ.”

ಕಿಟಕಿಯ ಕಡೆ ಮುಖ ಮಾಡಿ, ಮೊದಲ ಸಾಲಿನಿಂದ ಮೆಲ್ಲಗೆ ಹೇಳತೊಡಗಿದಳು. ಒಂದು ಶಬ್ದವೂ ತಪ್ಪಲಿಲ್ಲ. “ನನಗ ಭಾಳ ಬ್ಯಾಸರ ಆಗ್ಯಾದ” ಎಂಬಲ್ಲಿಗೆ ಬಂದಾಗ ನಾನು ಅವಳ ಕೈ ಹಿಡಿದು ಸಾಕು ಅಂದೆ. ಅವಳು ಕೊನೆಯವರೆಗೂ ಹೇಳಿದಳು.