ಎರಡು ಕಡೆಯಿಂದ ತೆರೆಯುವ ಪುಸ್ತಕ

ನನ್ನ ಕಣ್ಣಿನ ಬಗ್ಗೆ ನನಗೆ ವಿಪರೀತ ಜಂಬವಿತ್ತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ತಲೆ ಹಣ್ಣು ಮಾಡಿಕೊಂಡಿದ್ದೇನೆ. ಮದುವೆ ಕರೆಯೋಲೆ ಕೈಗೆ ಬಂದರೂ ಮೊದಲು ತಪ್ಪು ಹುಡುಕಿ ಆಮೇಲೆ ಮುಹೂರ್ತ ನೋಡುವವನು. ಇದರಿಂದ ನಾಲ್ಕಾರು ಬೀಗರ ಜೊತೆ ಮಾತು ಬಿಟ್ಟಿದ್ದೂ ಉಂಟು. ಹಾಗಾಗಿ ಕುಡಚಿಯ ಉರ್ದು ಬಾಯಾರು ತಮ್ಮ ಪುಸ್ತಕದ ಕರಡು ಪ್ರತಿ ನೋಡಲು ನನ್ನನ್ನೇ ಕೇಳಿದಾಗ, ಸರಿಯಾದ ಮನುಷ್ಯನನ್ನೇ ಹಿಡಿದಿದ್ದಾರೆ ಎಂದುಕೊಂಡೆ.

ನಮ್ಮ ಕಡೆ ಶಿಕ್ಷಕಿಯರಿಗೆ ಬಾಯಾರು ಎನ್ನುತ್ತಾರೆ; ಇವರು ನನ್ನ ಜೊತೆ ಅದೇ ಶಾಲೆಯಲ್ಲಿ ಉರ್ದು ಕಲಿಸಿ ನಿವೃತ್ತರಾದವರು. ತೀರಿಹೋದ ತಾಯಿಯ ಬಗ್ಗೆ, ಹುಟ್ಟಿನಿಂದ ಸಾವಿನ ತನಕ, ಹನ್ನೆರಡು ಪುಟ ಬರೆದಿದ್ದರು. ಮಿರಜದಲ್ಲಿರುವ ಅವರ ಅಕ್ಕನಿಗೆ ಉರ್ದು ಬಿಟ್ಟರೆ ಓದಲು ಬಾರದು. ಮೊಮ್ಮಕ್ಕಳಿಗೆ ಉರ್ದು ಬಾರದು, ಕನ್ನಡ ಶಾಲೆಯವರು. ಆದ್ದರಿಂದ ಅವರು ಬಾಯಿಂದ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದುಕೊಂಡೆ, ಅದೂ ಹನ್ನೆರಡು ಪುಟವಾಯಿತು. ಒಂದೇ ಪುಸ್ತಕ, ಎರಡು ಮುಖಪುಟ. ನಮ್ಮ ಕಡೆಯಿಂದ ತೆರೆದರೆ ಕನ್ನಡ, ಹಿಂದಿನಿಂದ ತೆರೆದರೆ ಉರ್ದು. ಬಾಯಾರು ಜೀವನದಲ್ಲಿ ಬರೆದದ್ದು ಇದೊಂದೇ. ಮೊಣಕಾಲು ನೋವೆಂದು ಅಥಣಿಯ ಪ್ರೆಸ್ಸಿಗೆ ಅವರು ಬರಲಿಲ್ಲ. ಉರ್ದು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, "ನೀವು ನೋಡಿದ್ರ ಮುಗೀತ್ರಿ ಸರ್, ನಾ ನೋಡಿದಂಗ" ಎಂದರು.

ಪ್ರೆಸ್ಸಿನ ಮಾಲೀಕರು ಮಡಚಿ, ನಡುವೆ ಪಿನ್ನು ಹೊಡೆದ ಮಾದರಿಯನ್ನು ಕೈಗಿತ್ತರು. ಮುಖಪುಟದ ಫೋಟೋದಲ್ಲಿ ತಾಯಿಯ ಅರಿಶಿನ ಬಣ್ಣದ ಸೀರೆ ಪಾಚಿ ಹಿಡಿದಂತೆ ಕಂಡಿತು. ಟ್ಯೂಬ್‌ಲೈಟಿನ ಕಿತಾಪತಿ ಇರಬೇಕೆಂದು ಹೊರಗೆ ನೆರಳಿಗೆ ಒಯ್ದು, ಮೂಲ ಫೋಟೋದ ಪಕ್ಕದಲ್ಲಿಟ್ಟು ನೋಡಿದೆ. ಅಲ್ಲೂ ಹಸಿರೇ. ಕಂಪ್ಯೂಟರಿನ ಮುಂದಿದ್ದ ಹೆಣ್ಣುಮಗಳು ನೀಲಿ ಜಾಸ್ತಿಯಾಗಿದೆಯೆಂದು ಒಪ್ಪಿಕೊಂಡಳು. ಕನ್ನಡದ ಕೆಲವು ಪುಟಗಳಲ್ಲಿ ಕೊನೆಯ ಸಾಲು ಅಂಚಿಗೆ ತೀರ ಹತ್ತಿರವಿತ್ತು. ಕಾಗದ ಕತ್ತರಿಸಿದಾಗ ಒತ್ತಕ್ಷರಗಳ ಕಾಲೇ ಹಾರಿಹೋಗಿದ್ದವು. ಅದಕ್ಕೂ ಗುರುತು ಹಾಕಿದೆ. ಇಷ್ಟರ ತನಕ ನಾನು ರಾಜ.

ಆಮೇಲೆ ಪುಟ ಎಣಿಸಲು ಕೂತೆ. ಒಂದರಿಂದ ಹನ್ನೆರಡು ಕನ್ನಡ. ಪುಟ ತಿರುವಿದರೆ ಉರ್ದು. ಚೀಟಿ ನೋಡಿ ಅಂಕಿ ಓದಿದರೆ ಮತ್ತೆ ಹನ್ನೆರಡು. ಮುಂದಿನದು ಹನ್ನೊಂದು, ಆಮೇಲೆ ಹತ್ತು. ಪುಸ್ತಕವನ್ನು ಬೋರಲು ಹಾಕಿ ಹಿಂದಿನಿಂದ ತೆರೆದೆ. ಒಂದು, ಎರಡು, ಮೂರು. ಸರಿಯಾಗಿದೆ. ಮತ್ತೆ ಮುಂದಿನಿಂದ ಬಂದೆ, ತಪ್ಪಾಗಿದೆ. ಉರ್ದು ಬಲದಿಂದ ಎಡಕ್ಕೆ ಓದುತ್ತಾರೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸಾಲು ಬಲದಿಂದ ಬಂದರೆ ಪುಟವೂ ಬಲದಿಂದ ಬರಬೇಕೋ, ಪುಸ್ತಕವನ್ನು ತಿರುವಿ ಹಿಡಿದಾಗ ಬಲ ಯಾವುದು ಎಡ ಯಾವುದು, ಯಾರ ಬಲ, ಎಂದು ಯೋಚಿಸುತ್ತ ಹೋದಂತೆ ತಲೆ ಗಿರ್ರೆಂದಿತು. ಮಾಲೀಕರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ನಂಬರ್ ಏರತಾ ಹೋಗಬೇಕಲ್ರಿ ಸರ್? ಇಲ್ಲಿ ಇಳಿಯಾಕತ್ತೈತಿ."

"ಮಿರಜದಾಂವ ಹಿಂಗ ಕಳಿಸ್ಯಾನ್ರಿ, ಉಲ್ಟಾ" ಎಂದಳು ಹೆಣ್ಣುಮಗಳು. ಉರ್ದು ಪುಟಗಳನ್ನು ಜೋಡಿಸಿದ್ದು ಮಿರಜದ ಡಿಟಿಪಿಯವನು.

ಅಲ್ಲಿದ್ದ ಮೂವರಲ್ಲಿ ಒಬ್ಬರಿಗೂ ಉರ್ದು ಬಾರದು. ಬಾಯಾರಿಗೆ ಒಂದು ಫೋನು ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು. ನಾನು ಮಾಡಲಿಲ್ಲ. ಗೊತ್ತಿಲ್ಲ ಎಂದು ಹೇಳುವುದು ನನಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಕೆಂಪು ಪೆನ್ನಿನಿಂದ, ಉರ್ದು ಪುಟಗಳು ತಿರುವುಮುರುವಾಗಿವೆ, ಒಂದರಿಂದ ಹನ್ನೆರಡಕ್ಕೆ ಸರಿಪಡಿಸಿ ಎಂದು ಬರೆದೆ. ಎರಡು ತಾಸಿನಲ್ಲಿ ಎರಡನೆಯ ಮಾದರಿ ಬಂತು. ಸೀರೆ ಅರಿಶಿನವಾಗಿತ್ತು, ಒತ್ತಕ್ಷರಗಳಿಗೆ ಕಾಲು ಬಂದಿದ್ದವು, ಅಂಕಿಗಳು ಮುಂದಿನಿಂದ ಏರುತ್ತ ಹೋಗುತ್ತಿದ್ದವು. ಎಲ್ಲ ಸರಿ, ಮುದ್ರಿಸಬಹುದು ಎಂದು ಸಹಿ ಹಾಕಿದೆ. ಅದರದೇ ಇನ್ನೊಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಕುಡಚಿಯ ಬಸ್ಸು ಹತ್ತಿದೆ.

ಬಾಯಾರು ಕೈ ತೊಳೆದು ಬಂದು ಪುಸ್ತಕ ಹಿಡಿದರು. ಸಹಜವಾಗಿ ತಮ್ಮ ಕಡೆಯಿಂದ ತೆರೆದರು. ಓದಿದರು. ಒಂದು ಪುಟ ತಿರುವಿದರು, ಮತ್ತೆ ಹಿಂದಕ್ಕೆ ಬಂದರು. ನಾನು ಚಹಾ ಕುಡಿಯುತ್ತ ಹೊಗಳಿಕೆಗೆ ಕಾಯುತ್ತಿದ್ದೆ.

"ಸರ್, ಇದರಾಗ ಅಮ್ಮಿ ಮೊದಲ ಸಾಯ್ತಾಳಲ್ರಿ" ಎಂದರು ಮೆಲ್ಲಗೆ. "ಆಮ್ಯಾಲೆ ಮುದುಕಿ ಆಗ್ತಾಳ. ಆಮ್ಯಾಲೆ ಲಗ್ನ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮುಂದಿನಿಂದ ನಾನು ಏರಿಸಿದ್ದ ಪುಟಗಳು ಅವರ ಕಡೆಯಿಂದ ಹನ್ನೆರಡರಿಂದ ಒಂದಕ್ಕೆ ಇಳಿಯುತ್ತಿದ್ದವು. ಅಲ್ಲೇ ಪ್ರೆಸ್ಸಿಗೆ ಫೋನು ಹಚ್ಚಿದೆ.

"ಛಾಪಿಸೂ ಪ್ಲೇಟ್ ಆಗ್ಯಾವ್ರಿ, ಮಷಿನ್ ಮ್ಯಾಲ ಇನ್ನಾ ಏರಿಲ್ಲ" ಎಂದರು ಮಾಲೀಕರು.

"ಉರ್ದುವಿನ ಪ್ಲೇಟ್ ಅಷ್ಟ ಬದಲಿ ಮಾಡ್ರಿ."

"ಹಂಗ ಆಗೂದಿಲ್ರಿ. ಮಡಚೂ ಹಾಳಿ ಇದು, ಕನ್ನಡದ ಮೊದಲನೇ ಪುಟದ ಬಾಜೂಕ ಉರ್ದುದ ಪುಟ ಕೂಡತೈತಿ. ಒಂದೊಂದು ಪ್ಲೇಟಿನಾಗ ಎರಡೂ ಭಾಷಿ ಅದಾವ. ಎಲ್ಲಾ ಹೊಸಾದ ಆಗಬೇಕು. ನಿಮ್ಮ ಸಹಿ ಐತ್ರಿ ಸರ್."

ನನ್ನ ಸಹಿಯೇ. ನಾಚಿಕೆಯಿಂದ ಬಾಯಾರ ಮುಖ ನೋಡಲಾಗಲಿಲ್ಲ. ಕ್ಷಮಿಸಿರಿ ಎಂದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. "ನಾಳೆ ನಾನೂ ಬರ್ತೀನ್ರಿ" ಎಂದಷ್ಟೇ ಹೇಳಿದರು.

ಮರುದಿನ ಬಾಯಾರು ಮೊಣಕಾಲು ಹಿಡಿದುಕೊಂಡೇ ಪ್ರೆಸ್ಸಿನ ಮೆಟ್ಟಿಲು ಹತ್ತಿದರು. ಮೂರನೆಯ ಮಾದರಿಯನ್ನು ಮೇಜಿನ ಮೇಲಿಟ್ಟು, ಅವರು ತಮ್ಮ ಕಡೆಯ ಒಂದೊಂದು ಪುಟವನ್ನೂ ಸಣ್ಣ ದನಿಯಲ್ಲಿ ಓದಿ ನೋಡಿದರು. ನಾಲ್ಕನೆಯ ಪುಟದಲ್ಲಿ ಬಲ ಅಂಚಿಗೆ ಸಾಲಿನ ಮೊದಲ ಅಕ್ಷರಗಳ ಚೂರು ಕತ್ತರಿಸಿಹೋಗಿತ್ತು. ನಿನ್ನೆಯ ಎರಡು ಮಾದರಿಗಳಲ್ಲೂ ಅದು ಹಾಗೇ ಇತ್ತು. ನನ್ನ ಕಣ್ಣಿಗೆ ಅದು ಇಡೀ ಅಕ್ಷರವೇ ಆಗಿತ್ತು. ಹೆಣ್ಣುಮಗಳು ಸಾಲುಗಳನ್ನು ಒಳಕ್ಕೆ ಸರಿಸಿ ಆ ಹಾಳೆಯನ್ನು ಮತ್ತೆ ತೆಗೆದುಕೊಟ್ಟಳು. ಬಾಯಾರು ಓದುತ್ತ ನಡುವಿನ ಪಿನ್ನಿನ ತನಕ ಬಂದು ನಿಂತರು. ಅಲ್ಲಿ ಎಡಕ್ಕೆ ನನ್ನ ಕನ್ನಡದ ಕೊನೆಯ ಪುಟ, ಬಲಕ್ಕೆ ಅವರ ಕೊನೆಯ ಪುಟ. ಎರಡರಲ್ಲೂ ಅದೇ ಆಸ್ಪತ್ರೆ, ಅದೇ ಮುಂಜಾವು.

"ಈಗ ಬರೋಬ್ಬರ್ ಐತ್ರಿ" ಎಂದು ಸಹಿ ಹಾಕಿದರು. ನಾನು ಕನ್ನಡದ ಪುಟದ ಮೇಲೆ ಮಾತ್ರ ಹಾಕಿದೆ.

ಹಳೆಯ ಮಾದರಿ ಹೊಸದರಲ್ಲಿ ಬೆರೆಯಬಾರದೆಂದು, ಒಪ್ಪಿಗೆಯಾದ ಕೂಡಲೇ ಅದನ್ನು ಹರಿದುಹಾಕುವುದು ಆ ಪ್ರೆಸ್ಸಿನ ರೂಢಿ. ಬಾಯಾರು ಮನೆಯಿಂದ ತಿರುಗಿ ತಂದಿದ್ದ, ನಾನು ಕೆಡಿಸಿದ ಪ್ರತಿಯನ್ನು ಹೆಣ್ಣುಮಗಳು ಕೈಗೆತ್ತಿಕೊಂಡಳು. ಹರಿದರೆ ನನಗೂ ಪೀಡೆ ಕಳೆದಂತಾಗುತ್ತಿತ್ತು. ಬಾಯಾರು ಕೈ ಚಾಚಿದರು.

"ಅದನ್ನ ಹರೀಬ್ಯಾಡ ತಂಗಿ, ನನಗ ಕೊಡು."

"ಅದು ತಪ್ಪೈತ್ರಿ" ಎಂದೆ ನಾನು.

"ಗೊತ್ತೈತ್ರಿ ಸರ್. ನಿನ್ನಿ ರಾತ್ರಿ ಅದನ್ನ ಪೂರಾ ಓದೀನಿ. ಅದರಾಗ ಅಮ್ಮಿ ಆಸ್ಪತ್ರೆಯಿಂದ ಎದ್ದು ಮನೀಗ ಬರ್ತಾಳ್ರಿ. ನನ್ನ ಎತ್ತಿಕೋತಾಳ. ಕಡೀಕ ಸಣ್ಣಾಕಿ ಆಗಿ ಅವರವ್ವನ ತೊಡಿ ಮ್ಯಾಲ ಮಲಗತಾಳ."

ಅವರು ಆ ಪ್ರತಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ನಾನು ಪೆನ್ನಿನ ಮುಚ್ಚಳ ಹಾಕಿದೆ.